ಕಕ್ಕಡ ಕಳೆದ ಮೇಲಿನ ಕರೆಗಳು

ವಿನುತಾಳದು ಅರಕಲಗೂಡು ಕಡೆಯಿಂದ ಕುಶಾಲನಗರಕ್ಕೆ ಬಂದು ಶುಂಠಿ ಬೆಳೆಯುವ ಮನೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ಮಾರುವ ಅಂಗಡಿಯಲ್ಲಿ ಅವಳಿಗೆ ಫೋನಿನ ಕೆಲಸ. ವಿಚಾರಿಸಿದವರ ಹೆಸರನ್ನು ಕಂಪ್ಯೂಟರಿನಲ್ಲಿ ಗಿರಾಕಿಗಳ ಲೆಕ್ಕ ಇಡುವ ಸಿಆರ್‌ಎಂನಲ್ಲಿ ಬರೆದು, ಡೆಮೊ ಆಯಿತೋ, ಕೊಟೇಶನ್ ಹೋಯಿತೋ, ಮುಂದಿನ ಕರೆ ಯಾವತ್ತು ಎಂದು ತುಂಬುತ್ತಿದ್ದಳು. ಕೈತಪ್ಪಿದ ಗಿರಾಕಿಯ ಹೆಸರನ್ನು, ಪಟ್ಟಿಯಲ್ಲಿರುವ ಒಂದು ಕಾರಣ ಆರಿಸಿ ಮುಚ್ಚಿದರೆ, ಮುಂದಿನ ಕರೆಯ ದಿನಾಂಕವೂ ಅಳಿಸಿಹೋಗುತ್ತಿತ್ತು.

ಆಗಸ್ಟ್ ಮೊದಲ ವಾರ ಮಾಲೀಕ ಶಿವಪ್ರಕಾಶ್ ಪಟ್ಟಿ ನೋಡಿ ತಲೆ ಕೆರೆದುಕೊಂಡರು.

"ಹದಿನಾಲ್ಕು ಕೊಟೇಶನ್‌ನಲ್ಲಿ ಒಂಬತ್ತು ತಣ್ಣಗಾಗವೆ. ಎಲ್ಲಕ್ಕೂ 'ಆಸಕ್ತಿ ಇಲ್ಲ'. ಹಿಂಗೇ ಆದ್ರೆ ಈ ಕೆಲಸಕ್ಕೆ ಒಬ್ರು ಬೇಕಾ ವಿನುತಾ? ಸೆಪ್ಟೆಂಬರ್‌ವರೆಗೂ ನೋಡ್ತೀನಿ."

ಈ ಕೆಲಸ ಅವಳಿಗೆ ಬೇಕಾಗಿತ್ತು, ಮನಸ್ಸಿಗೂ ಹಿಡಿಸಿತ್ತು. ಮುಚ್ಚಿದ ಹೆಸರುಗಳನ್ನು ತೆರೆದು ಸಾಲಾಗಿ ನೋಡಿದಳು. ಒಂಬತ್ತೂ ದಕ್ಷಿಣ ಕೊಡಗಿನ ಕೊಡವ ಮನೆಗಳು. ಎಲ್ಲರಿಗೂ ಆಷಾಢ ಕಳೆದ ವಾರದಲ್ಲೇ ಕರೆ. ಶ್ರಾವಣ ಬಂದರೆ ಹೊಸದು ಕೊಳ್ಳಲು ಒಳ್ಳೆಯ ಕಾಲ ಎಂಬ ತನ್ನ ಮನೆಯ ಲೆಕ್ಕದಲ್ಲಿ ಅವಳೇ ಇಟ್ಟ ದಿನಾಂಕ ಅದು. "ಈಗ ಬೇಡ" ಎಂದವರಿಗೆ ಹೊಂದುವ ಕಾರಣ ಪಟ್ಟಿಯಲ್ಲಿ ಇರಲಿಲ್ಲ. ಹತ್ತಿರದ್ದನ್ನೇ ಒತ್ತಿದ್ದಳು.

ಆ ಒಂಬತ್ತರಲ್ಲಿ ಒಬ್ಬರಾದ ಶ್ರೀಮಂಗಲದ ತಿಮ್ಮಯ್ಯನವರಿಗೆ ಅಳುಕುತ್ತಲೇ ಫೋನು ಹಚ್ಚಿದಳು.

"ಸರ್, ನಮ್ಮ ಯಂತ್ರ ನಿಮಗೆ ಹಿಡಿಸಲಿಲ್ವಾ?"

"ಹಿಡಿಸಲಿಲ್ಲ ಅಂತ ಯಾರು ಹೇಳಿದ್ದು? ನಮಗೆ ಇದು ಕಕ್ಕಡ ತಿಂಗಳು, ಹೊಸದು ತರೋ ಹಾಗಿಲ್ಲ. ಈಗ ಮೆಷಿನ್ ತಂದ್ರೆ ನಮ್ಮವ್ವ ನನ್ನನ್ನೂ ಮೆಷಿನನ್ನೂ ಗೇಟಿನ ಹೊರಗೇ ನಿಲ್ಲಿಸ್ತಾರೆ!" ಅವರು ಜೋರಾಗಿ ನಕ್ಕರು. "ನಿಮ್ಮ ಶ್ರಾವಣ ಬಂದ ಕೂಡಲೇ ನಮ್ಮ ಕಕ್ಕಡ ಮುಗಿಯೋದಿಲ್ಲಮ್ಮ. ಆಗಸ್ಟ್ ನಡುವಿನ ತನಕ ಇದೆ. ಆಮೇಲೆ ಸೆಪ್ಟೆಂಬರ್ ಮೂರಕ್ಕೆ ಕೈಲ್ ಮುಹೂರ್ತ, ನಮ್ಮ ಆಯುಧ ಪೂಜೆ. ಅದಾದ ಮೇಲೆ ಮಾತಾಡು."

ವಿನುತಾ ತನ್ನ ತಪ್ಪನ್ನು ಮುಚ್ಚಿಡದೆ ಮಾಲೀಕರಿಗೆ ಹೇಳಿದಳು. ಇಬ್ಬರೂ ಕೂತು ನಿಯಮ ಬದಲಿಸಿದರು. ಕಾರಣಗಳ ಪಟ್ಟಿಯಲ್ಲಿ "ಆಸಕ್ತಿ ಇಲ್ಲ" ಎಂಬುದು ಉಳಿಯಿತು, ಆದರೆ ಬಾಯಿಬಿಟ್ಟು ಹಾಗೆಂದವರಿಗೆ ಮಾತ್ರ. "ಈಗ ಬೇಡ" ಎಂದವರನ್ನು ಇನ್ನು ಮುಚ್ಚುವಂತಿಲ್ಲ. ಯಾವಾಗ ಎಂದು ಅವರನ್ನೇ ಕೇಳಿ ದಿನಾಂಕ ಹಾಕಬೇಕು. ಒಂಬತ್ತು ಹೆಸರೂ ಮತ್ತೆ ಕೊಟೇಶನ್ ಹಂತಕ್ಕೆ ಬಂದವು. ಮುಂದಿನ ಕರೆ: ಸೆಪ್ಟೆಂಬರ್ ಐದು.

ಆ ದಿನ ಬೆಳಿಗ್ಗೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕುಳಿತಳು. ಒಬ್ಬರು ಬೇರೆ ಕಡೆ ಕೊಂಡಿದ್ದರು. ಇಬ್ಬರು ಇನ್ನೂ ಚಿಕ್ಕ ಯಂತ್ರ ಕೇಳಿದರು. ಒಬ್ಬರು ಫೋನು ಎತ್ತಲಿಲ್ಲ. ಐದು ಮಂದಿ ಕಾಫಿ ಹಣ್ಣಿನ ಪಿಕ್ಕಿಂಗ್ ಶುರುವಾಗುವ ಮೊದಲು ಯಂತ್ರ ಮನೆಗೆ ಬರಲಿ ಎಂದರು.

ಶಿವಪ್ರಕಾಶ್ ಪರದೆಯತ್ತ ಬಗ್ಗಿ ನೋಡಿ, "ಹಾಗಿದ್ರೆ ಬರೋ ವರ್ಷದ ಕಕ್ಕಡದ ಲಿಸ್ಟೂ ನೀನೇ ನೋಡ್ಕೋಬೇಕು," ಎಂದರು.

"ಆಗಲಿ ಸರ್," ಎಂದ ವಿನುತಾ, ಫೋನು ಎತ್ತದವರ ಹೆಸರಿನ ಮುಂದೆ ನಾಳೆಯ ದಿನಾಂಕ ಹಾಕಿದಳು.