ನೀರು ಹೊರಗೆ ಹೋಗುವ ದಾರಿ

ಭಾನುವಾರ ಅಡುಗೆಮನೆಯ ಕಪಾಟು ಒರೆಸುವುದು ನನ್ನ ಪಾಲಿನ ಕೆಲಸ. ರೈಲ್ವೆಯಿಂದ ನಿವೃತ್ತನಾದ ಮೇಲೂ ಇಂಥ ಶಿಸ್ತು ತಪ್ಪಿಲ್ಲ. ಮೊನ್ನೆ ಹಿಂದಿನ ಸಾಲಿನ ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದಾಗ ಓಂಕಾಳಿನ ವಾಸನೆ ಬಂತು. ತೊಳೆದಿಟ್ಟ ಡಬ್ಬಿ, ಆದರೂ ವಾಸನೆ ಹೋಗಿರಲಿಲ್ಲ. ಅದು ಪಕ್ಕದ ಮನೆಯ ಟೀಚರಮ್ಮನ ಡಬ್ಬಿ...

ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತರಾದವರು. ಹೊಸಪೇಟೆಯ ನಮ್ಮ ಓಣಿಗೆಲ್ಲ ಅವರು ಟೀಚರಮ್ಮ. ಕೊಟ್ಟ ಡಬ್ಬಿಯನ್ನು ಖಾಲಿ ಮರಳಿಸಬಾರದೆಂಬುದು ನಮ್ಮಲ್ಲಿ ಪದ್ಧತಿ. ಅವರ ಓಂಪುಡಿ ತಂದ ಡಬ್ಬಿ ನಮ್ಮ ಕರ್ಚಿಕಾಯಿ ಹೊತ್ತು ಹೋಗುತ್ತಿತ್ತು, ಮತ್ತೆ ಬರುತ್ತಿತ್ತು.

ಮೊಮ್ಮಗಳು ಸಿಇಟಿ ಬರೆದ ವರ್ಷ ನಮ್ಮ ಮನೆಯಲ್ಲಿ ಊಟದ ಹೊತ್ತಿನ ಮಾತೇ ನಿಂತಿತ್ತು. ಮಗ ಸಂಡೂರಿನ ಕಡೆ ಗಣಿಯಲ್ಲಿ ಪಂಪುಗಳನ್ನು ನೋಡಿಕೊಳ್ಳುವವನು. ಮಗಳು ಕಂಪ್ಯೂಟರ್ ಸೈನ್ಸ್ ಇಂಜಿನಿಯರಿಂಗ್ ಸೇರಲಿ ಎಂಬುದು ಅವನ ಮತ್ತು ಸೊಸೆಯ ಆಸೆ. ಹುಡುಗಿಗೆ ಬಿ.ಎಸ್ಸಿ. ಕೃಷಿಯೇ ಬೇಕು. ಗಣಿತ, ಜೀವಶಾಸ್ತ್ರ ಎರಡನ್ನೂ ಓದಿದ್ದಳಾದ್ದರಿಂದ ಎರಡು ಕಡೆಗೂ ರ‍್ಯಾಂಕ್ ಬಂದಿತ್ತು.

"ಕೆಸರು ಬಿಟ್ಟು ಬರಾಕ ನಾವು ಎಷ್ಟು ಒದ್ದಾಡೀವಿ. ನೀನು ಫೀಸು ಕಟ್ಟಿ ಅದಕ್ಕ ಇಳೀತೀಯೇನವಾ?" ಎಂದಿದ್ದ ಮಗ.

"ನಿನಗ ಕೃಷಿ ಅಂದ್ರ ಬರೀ ಕೆಸರು ಕಾಣತೈತಿ ಅಪ್ಪಾ."

ಆಯ್ಕೆಗಳನ್ನು ಆನ್‌ಲೈನಿನಲ್ಲಿ ತುಂಬುವಾಗ ಮಗ ಕಂಪ್ಯೂಟರ್ ಸೈನ್ಸನ್ನು ಎಲ್ಲಕ್ಕಿಂತ ಮೇಲೆ ಹಾಕಿಸಿದ. ಸುಮ್ಮನೆ ಇರಲಿ, ಸೀಟು ಬಂದ ಮೇಲೆ ವಿಚಾರ ಮಾಡೋಣ ಎಂದ. ನಿಜವಾದ ಹಂಚಿಕೆಗೆ ಮುಂಚೆ ತೋರಿಸುವ ಅಣಕು ಹಂಚಿಕೆಯಲ್ಲಿ ಅದೇ ಬಂತು. ಹುಡುಗಿ ತಟ್ಟೆ ಬಿಟ್ಟು ಎದ್ದು ಹೋದಳು.

ಅದೇ ಸಂಜೆ ಡಬ್ಬಿ ಹಿಡಿದು ಬಂದ ಟೀಚರಮ್ಮ ಮಗನ ಮೊಬೈಲು ಇಸಕೊಂಡು ನೋಡಿದರು.

"ತಮ್ಮಾ, ಇದರಾಗ 'ಆಮ್ಯಾಲ' ಅನ್ನೋದು ಇಲ್ಲ. ಮ್ಯಾಲಿನ ಸೀಟು ಸಿಕ್ಕರ ಅದರ ಕೆಳಗಿನವು ಎಲ್ಲಾ ಅಳಿಸಿ ಹೋಗ್ತಾವ. ಇದು ಅಣಕು ಹಂಚಿಕಿ, ಹಂಗಾಗಿ ಬದಲಿಸಾಕ ಇನ್ನೂ ಟೈಮ್ ಐತಿ."

ಹುಡುಗಿಯ ಮುಖ ಅರಳಿತು. ಟೀಚರಮ್ಮ ಅವಳನ್ನೂ ಬಿಡಲಿಲ್ಲ.

"ನಿನಗ ಕೃಷಿಯೊಳಗ ಏನು ಬೇಕವಾ? ಬೀಜನೋ, ಹುಳಾನೋ, ದನಾನೋ?"

ಅವಳು ತಡವರಿಸಿದಳು. ಕೊನೆಗೆ ಹೇಳಿದಳು: "ಕಂಪ್ಲಿಯೊಳಗ ಅಜ್ಜಿ ತವರಿನ ಗದ್ದಿ ಯಾಕ ಸವುಳಾತು, ಅದು ತಿಳೀಬೇಕ್ರಿ." ಉಪ್ಪೇರಿ ಬೆಳೆ ಬಾರದಾದ ನೆಲಕ್ಕೆ ನಮ್ಮ ಕಡೆ ಸವುಳು ಎನ್ನುತ್ತಾರೆ.

"ಹಂಗಾರ ಮೊದಲು ನೋಡಿ ಬರೋಣು. ಜಗಳ ಆಮ್ಯಾಲ ಆಡ್ರಿ."

ಭಾನುವಾರ ನಾನು, ಮಗ, ಮೊಮ್ಮಗಳು, ಟೀಚರಮ್ಮ ನಾಲ್ವರೂ ಬಸ್ಸಿನಲ್ಲಿ ಕಂಪ್ಲಿಗೆ ಹೋದೆವು. ಗದ್ದೆಯ ಒಂದು ಮೂಲೆ ಸುಣ್ಣ ಚೆಲ್ಲಿದಂತೆ ಬೆಳ್ಳಗಿತ್ತು. ಹುಡುಗಿ ಪ್ರಶ್ನೆ ಕೇಳುತ್ತಾ ಹೋದಳು. ಮಗ ಮೊದಮೊದಲು ಹೂಂ, ಊಹೂಂ ಎನ್ನುತ್ತಿದ್ದ. ಆಮೇಲೆ ಪ್ಯಾಂಟು ಮಡಚಿ ಬದುವಿನ ಉದ್ದಕ್ಕೂ ನಡೆದ.

"ಕಾಲುವಿ ನೀರು ಒಳಗ ಬರತೈತಿ, ಖರೆ. ಹೊರಗ ಹೋಗಾಕ ದಾರಿ ಎಲ್ಲೈತಿ?"

ಜೊಂಡು ಬೆಳೆದು ಹೂತುಹೋದ ಬಸಿಗಾಲುವೆ ಸಿಕ್ಕಿತು. ಅಪ್ಪ ಮಗಳು ಕುಕ್ಕರುಗಾಲಲ್ಲಿ ಕೂತು, ಕಡ್ಡಿಯಿಂದ ಮಣ್ಣಿನ ಮೇಲೆ ಗೆರೆ ಎಳೆದು, ಇಳಿಜಾರು ಯಾವ ಕಡೆಗೆ ಎಂದು ವಾದಕ್ಕೆ ಬಿದ್ದರು. ಟೀಚರಮ್ಮ ಛತ್ರಿಯ ನೆರಳಲ್ಲಿ ನಿಂತು ನನ್ನ ಕೈಗೆ ಓಂಪುಡಿ ಹಾಕಿದರು.

"ನೋಡ್ರಿ, ಇಬ್ಬರದೂ ಒಂದ ಹುಚ್ಚು."

ಮರಳುವಾಗ ಬಸ್ಸಿನಲ್ಲಿ ಅವರು ವಿಷಯ ತೆಗೆದರು. ನೀರಾವರಿ, ಬಸಿಗಾಲುವೆ, ಮಣ್ಣಿನ ಸಂರಕ್ಷಣೆ, ಕೃಷಿ ಯಂತ್ರ, ಇವನ್ನೇ ಕಲಿಸುವ ಬಿ.ಟೆಕ್. ಕೃಷಿ ಇಂಜಿನಿಯರಿಂಗ್ ರಾಯಚೂರಿನಲ್ಲಿದೆ, ಅದಕ್ಕೆ ಜೀವಶಾಸ್ತ್ರವಲ್ಲ, ಗಣಿತ ಬೇಕು ಎಂದರು. ಆ ಹೆಸರು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಮನೆಗೆ ಬಂದು, ಅದನ್ನು ಓದಿದ ತಮ್ಮ ಹಳೆಯ ವಿದ್ಯಾರ್ಥಿನಿಗೆ ಫೋನು ಹಚ್ಚಿ ಮಗನ ಕೈಗೇ ಕೊಟ್ಟರು. ಆಕೆ ಬಣ್ಣ ಹಚ್ಚಿ ಹೇಳಲಿಲ್ಲ: ಕಂಪ್ಯೂಟರಿನಷ್ಟು ಕೆಲಸಗಳಿಲ್ಲ, ಇಲಾಖೆಯ ನೇಮಕಾತಿ ತಡವಾಗುತ್ತದೆ, ಹನಿ ನೀರಾವರಿ, ಯಂತ್ರದ ಕಂಪನಿಗಳಿವೆ, ಮುಂದೆ ಓದಬಹುದು. ಹುಡುಗಿ ಮೊದಲ ವರ್ಷದ ಪಠ್ಯವಿಷಯಗಳನ್ನು ತೆಗೆದು ಓದಿದಳು. ಗಣಿತ ಜಾಸ್ತಿ ಇದ್ದುದಕ್ಕೆ ಹೆದರಲಿಲ್ಲ.

ಮಗ ಫೋನು ಕೆಳಗಿಟ್ಟು ಕೇಳಿದ: "ಇವರನ್ನೂ ಇಂಜಿನಿಯರ್ ಅಂತಾರೇನ್ರಿ ಮೇಡಂ?"

"ಅಂತಾರಪಾ. ಬೇಕಾರ ಬೋರ್ಡ್ ಬರೆಸಿ ಮನಿಗೆ ಹಾಕು!"

ಸೊಸೆ ಮೊದಲು ನಕ್ಕಳು. ಆ ರಾತ್ರಿ ಕೃಷಿ ಇಂಜಿನಿಯರಿಂಗ್ ಮೇಲೇರಿತು, ಬಿ.ಎಸ್ಸಿ. ಕೃಷಿ ಅದರ ಕೆಳಗೆ. ಕಂಪ್ಯೂಟರ್ ಮೂರನೆಯದಾಗಿ ಕೂತಿತು. ಕೆಳಗಿಳಿಸಿದ್ದು ಮಗನೇ. ಮೊದಲ ಸುತ್ತಿನಲ್ಲಿ ಮೇಲಿನದೇ ಸಿಕ್ಕಿತು. ಎಲ್ಲರೂ ಒಟ್ಟಿಗೆ ಕೂತು ಉಂಡೆವು, ಮನೆ ಉಸಿರಾಡಿದಂತಾಯಿತು.

ಮರುವರ್ಷ ಟೀಚರಮ್ಮ ತೀರಿಹೋದರು... ಡಬ್ಬಿ ಆಗ ನಮ್ಮ ಮನೆಯಲ್ಲಿತ್ತು.

ಕೊನೆಯ ವರ್ಷದಲ್ಲಿರುವ ಮೊಮ್ಮಗಳು ರಜೆಗೆ ಬಂದಿದ್ದಾಳೆ. ನನ್ನ ಕೈಲಿದ್ದ ಡಬ್ಬಿ ನೋಡಿ, "ಸರ್ವೇಕ್ಕ ಹೋಗುವಾಗ ಬುತ್ತಿಗೆ ಆಗತೈತಿ, ನನಗ ಕೊಡು ತಾತ" ಎಂದಳು.

"ಅದು ಟೀಚರಮ್ಮಂದವಾ, ನಮ್ಮದಲ್ಲ" ಎಂದೆ.

"ಮತ್ತ ಯಾರಿಗೆ ಕೊಡ್ತಿ?"

ಒರೆಸಿ, ಇದ್ದ ಜಾಗದಲ್ಲೇ ಇಟ್ಟೆ. ತುಂಬಿಸಿ ಕೊಡುವ ಸರದಿ ಇನ್ನೂ ನಮ್ಮದೇ.