ಅಮ್ಮನ ಹಾಲಿನ ಮೇಲಿದ್ದ ಅಪವಾದ

ಚಿತ್ರದುರ್ಗದ ಆಸ್ಪತ್ರೆಯಲ್ಲಿ ನನ್ನ ಹೆಂಡತಿಗೆ ಚೊಚ್ಚಲ ಹೆರಿಗೆಯಾಗಿತ್ತು. ಅವಳ ರಕ್ತ ನೆಗೆಟಿವ್, ಮಗುವಿನದು ಪಾಸಿಟಿವ್ ಎಂದು ತಿಳಿದ ಕೂಡಲೇ ಡಾಕ್ಟರಮ್ಮ ಅವಳಿಗೊಂದು ಇಂಜೆಕ್ಷನ್ ತರಲು ಹೇಳಿದರು.

“ಬಾಣಂತಿ ಚೆನ್ನಾಗವ್ಳೆ, ಮಗೀನೂ ಚೆನ್ನಾಗೈತೆ. ಸೂಜಿ ಯಾಕ್ರಿ?” ಎಂದಳು ಅಮ್ಮ.

“ಹೆರಿಗೇಲಿ ಮಗುವಿನ ರಕ್ತ ಸ್ವಲ್ಪ ತಾಯಿಗೆ ಸೇರಿರುತ್ತಮ್ಮ. ಮೂರು ದಿನದೊಳಗೆ ಇದನ್ನ ಹಾಕದಿದ್ರೆ ತಾಯಿ ಮೈ ಆ ರಕ್ತದ ಮೇಲೆ ಹಗೆ ಸಾಧಿಸೋಕೆ ಕಲಿತುಬಿಡಬಹುದು. ಈ ಮಗುವಿಗೆ ಏನೂ ಆಗಲ್ಲ. ಮುಂದಿನದೂ ಪಾಸಿಟಿವ್ ಆದ್ರೆ ಅದರ ರಕ್ತ ಹೊಟ್ಟೇಲೇ ಒಡೆಯುತ್ತೆ. ಹುಟ್ಟಿದ ಮೇಲೆ ಮೈಯೆಲ್ಲ ಹಳದಿ ಆಗುತ್ತೆ.”

ನಾನು ಅಮ್ಮನ ಕಡೆ ತಿರುಗಿದೆ. ನಮ್ಮೂರು ಹರಿಯಬ್ಬೆಯ ಮನೆಯಲ್ಲಿ ಹುಟ್ಟಿದ ಚೊಚ್ಚಲ ಮಗ ನಾನು. ನನ್ನ ಬೆನ್ನಿಗೆ ಹುಟ್ಟಿದ ತಂಗಿಯರಿಬ್ಬರೂ ಅರಿಶಿನದಂತೆ ಹಳದಿಯಾಗಿ ತೀರಿಕೊಂಡಿದ್ದರು. ಕಾಮಾಲೆ ಇಳಿಯಲೆಂದು ಅಜ್ಜಿ ಆ ಹಸುಗೂಸುಗಳ ತೋಳಿಗೆ ಬರೆ ಹಾಕಿಸಿದ್ದಳು. “ನಿನ್ನ ಹಾಲೇ ವಿಷ” ಎಂದು ತಾನು ಸಾಯುವವರೆಗೂ ಅಮ್ಮನನ್ನು ಚುಚ್ಚಿದಳು. ನೆನೆದರೆ ಈಗಲೂ ಮೈ ಉರಿಯುತ್ತದೆ.

ಅಮ್ಮ ಗೋಡೆ ಹಿಡಿದು ಕುಳಿತಳು. “ಗರ್ಭಕೋಶದ ಆಪರೇಷನ್ನಾಗೆ ನಂದೂ ನೆಗೆಟಿವ್ ಅಂದಿದ್ರು ಕಣಪ್ಪ,” ಎಂದಳು.

ಆಮೇಲೆ ಎದೆಯ ಮೇಲೆ ಕೈಯಿಟ್ಟುಕೊಂಡು ಡಾಕ್ಟರಮ್ಮನನ್ನು ಕೇಳಿದಳು:

“ಹಂಗಾರೆ, ಹಾಲಲ್ವೇನ್ರಿ?”