ಪಿನ್ನಿನ ಮೇಲಿನ ಗೀರು

ಕಾರ್ಖಾನೆಯವರು ಅವಳಿಗಿಟ್ಟ ಹೆಸರು ಭೂತಗನ್ನಡಿ. ಅದೂ ಬೆನ್ನ ಹಿಂದೆ. ಎದುರಿಗೆ ಹಾಗೆ ಕರೆಯುವ ಗಂಡೆದೆ ಯಾರಿಗಿತ್ತು? ತಗಡು ಒತ್ತುವ ಪ್ರೆಸ್‌ಗಳ ಕಂಟ್ರೋಲ್ ಬೋರ್ಡಿಗೆ ಬರುವ ಚಿಪ್‌ಗಳನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು, ಫೋಟೋ ತೆಗೆದು, ಪರದೆಯ ಮೇಲೆ ಅಂಗೈಯಗಲ ಹಿಗ್ಗಿಸಿ ಅಸಲಿ ಯಾವುದು ನಕಲಿ ಯಾವುದು ಎಂದು ಹೇಳುವುದು ಅವಳ ಕೆಲಸ. ಕಸಕ್ಕೆ ಬಿದ್ದ ಬೋರ್ಡಿನಿಂದ ಚಿಪ್ ಕಿತ್ತು, ಅದರ ತಲೆ ಉಜ್ಜಿ, ಕಪ್ಪು ಬಳಿದು, ಹೊಸ ಗುರುತು ಒತ್ತಿ ಮಾರುವ ಖದೀಮರಿಗೆ ಅವಳು ಸಿಂಹಸ್ವಪ್ನ.

ಆ ಖದೀಮರಲ್ಲಿ ಅವಳ ಸ್ವಂತ ಅಕ್ಕನ ಗಂಡ, ಭಾವನೂ ಒಬ್ಬ. ಹಿಂದೊಮ್ಮೆ ಅವನು ತಂದ ಚಿಪ್‌ಗಳನ್ನು ಅಸಿಟೋನ್ ಅದ್ದಿದ ಹತ್ತಿಯಿಂದ ಒರೆಸಿದಾಗ ಹತ್ತಿ ಕಪ್ಪಾಯಿತು, ಬಣ್ಣದಡಿ ಒಂದೇ ದಿಕ್ಕಿಗೆ ಉಜ್ಜಿದ ಗೆರೆಗಳು ಕಂಡವು. ಅವಳು ಇಡೀ ಮಾಲನ್ನು ವಾಪಸ್ ಕಳಿಸಿದಳು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತಾರಲ್ಲ, ಅವನು ಮನೆಗೆ ಹೋಗಿ ಹೆಂಡತಿಯ ಮುಂದಿನ ಹಲ್ಲು ಮುರಿದ. ಆಮೇಲೆ ಅವನು ಅಸಲಿ ಮಾಲನ್ನೇ ತರತೊಡಗಿದ, ಆದರೆ ಹೆಂಡತಿಗೆ ಹೊಡೆಯುವುದನ್ನು ಮಾತ್ರ ಬಿಡಲಿಲ್ಲ.

ಅವತ್ತು ಮಧ್ಯಾಹ್ನ ಪ್ರೆಸ್ಸೊಂದು ನಿಲ್ಲಬೇಕಾದಲ್ಲಿ ನಿಲ್ಲದೆ ಒಬ್ಬ ಕೆಲಸಗಾರನ ಬೆರಳುಗಳನ್ನು ತಗಡಿನ ಜೊತೆಗೇ ಒತ್ತಿಬಿಟ್ಟಿತು. ಅವನನ್ನು ಆಸ್ಪತ್ರೆಗೆ ಹೊತ್ತೊಯ್ದ ಮೇಲೂ ನೆಲದ ಎಣ್ಣೆಯಲ್ಲಿ ರಕ್ತ ಬೆರೆತೇ ಇತ್ತು. ಕೈ ಒಳಗೆ ಬಂದ ಕೂಡಲೇ ಯಂತ್ರವನ್ನು ನಿಲ್ಲಿಸಬೇಕಾದದ್ದು ಬೆಳಕಿನ ಕಿರಣಗಳ ತಡೆ. ಅದರ ಬೋರ್ಡಿನಲ್ಲಿದ್ದದ್ದು ಭಾವ ತಂದ ಚಿಪ್.

"ಚಿಪ್ಪೇ ಡೂಪ್ಲಿಕೇಟು!" ಎಂದು ಮೇಸ್ತ್ರಿ ಕೂಗಿದ. ಗ್ರಹಚಾರಕ್ಕೆ ಭಾವ ಅದೇ ಹೊತ್ತಿಗೆ ಹೊಸ ಮಾಲು ಹಿಡಿದು ಗೇಟಿನಲ್ಲಿ ನಿಂತಿದ್ದ. ಎಳೆದು ತಂದರು. ಸ್ಪ್ಯಾನರ್ ಏಟಿಗೆ ಹುಬ್ಬು ಸೀಳಿತು, ಒದೆತಕ್ಕೆ ಪಕ್ಕೆ ಮುರಿಯಿತು. ಇಬ್ಬರು ಅವನ ಬಲಗೈಯನ್ನು ಪ್ರೆಸ್ಸಿನ ಹಾಸಿನ ಮೇಲೆ ಅದುಮಿ ಹಿಡಿದರು. ಮೂರನೆಯವನು ಪೆಡಲಿನ ಮೇಲೆ ಕಾಲಿಟ್ಟ.

"ನೋಡಿ ಹೇಳಮ್ಮ," ಎಂದ ಮೇಸ್ತ್ರಿ. "ನಕಲಿ ಅಂದ್ರೆ ಇವನ ಕೈನೂ ಹೋಗ್ಲಿ."

ಹಾಲ್‌ನ ಮೂಲೆಯ ಗಾಜಿನ ಕೋಣೆಯಲ್ಲಿ ಅವಳು ಕಿತ್ತು ತಂದ ಬೋರ್ಡಿನ ಫೋಟೋ ತೆಗೆದಳು, ಅದೇ ಕಂತಿನಲ್ಲಿ ಉಳಿದಿದ್ದ ಚಿಪ್‌ಗಳದ್ದೂ ತೆಗೆದಳು. ಪಿನ್ನುಗಳು ಪರದೆ ತುಂಬಿದ್ದೇ ತಡ, ಮೇಸ್ತ್ರಿ ಬೆರಳಿಟ್ಟ. "ಗೀರು! ಕಾಣ್ತಿಲ್ವಾ? ಹಳೇ ಮಾಲು!"

ಗೀರು ಇತ್ತು. ಅವಳ ಎದೆ ಹಿಗ್ಗಿತು, ಸುಳ್ಳೇಕೆ? ಒಂದು ಮಾತು ಸಾಕು, ಅಕ್ಕನ ಹಲ್ಲು ಮುರಿದ ಕೈ ಚಟ್ನಿ. ಹೊರಗೆ ಭಾವ ಬಲಿಗೆ ಕಟ್ಟಿದ ಕುರಿಯಂತೆ ಅರಚುತ್ತಿದ್ದ. ಇನ್ನಷ್ಟು ಅರಚಲಿ ಎಂದುಕೊಂಡಳು.

ಆದರೆ ಹಾಳು ಕಣ್ಣು ಕೇಳಬೇಕಲ್ಲ. ಗೀರು ಪ್ರತಿ ಪಿನ್ನಿನಲ್ಲೂ ಒಂದೇ ಜಾಗದಲ್ಲಿ, ತೆಳುವಾಗಿ, ಒಂದೇ ಒಂದು. ಅದು ಅವಳದೇ ಟೆಸ್ಟ್ ಸಾಕೆಟ್ ಕಚ್ಚಿದ ಗುರುತು. ಆ ಕಂತಿನ ಒಂದೊಂದನ್ನೂ ಸಾಕೆಟ್ಟಿಗೆ ಹಾಕಿ ತೆಗೆದವಳು ಅವಳೇ. ಕಿತ್ತ ಚಿಪ್ ಆಗಿದ್ದರೆ ಪಿನ್ನಿಗೆ ಮತ್ತೆ ತವರ ಹತ್ತಿಸಿರುತ್ತಾರೆ, ತುದಿ ದಪ್ಪಗಾಗಿ ಮುಚ್ಚಿಹೋಗಿರುತ್ತದೆ. ಉಳಿದ ಚಿಪ್‌ಗಳಲ್ಲಿ ಕತ್ತರಿಸಿದ ತುದಿಯ ತಾಮ್ರ ಬರಿದಾಗಿ ಕಾಣುತ್ತಿತ್ತು. ದೀಪವನ್ನು ಓರೆ ಮಾಡಿದಳು. ಉಜ್ಜಿದ ಗೆರೆಯಿಲ್ಲ. ಮೊದಲ ಪಿನ್ನಿನ ಪಕ್ಕದ ಗುಳಿಯಲ್ಲಿ ಬಣ್ಣ ಕೂತಿಲ್ಲ, ತಳ ನುಣ್ಣಗಿದೆ. ಬೋರ್ಡಿನ ಚಿಪ್ಪಿನ ಮುಖವೂ ಹಾಗೇ. ಒರೆಸಿದ ಹತ್ತಿ ಬೆಳ್ಳಗೇ ಉಳಿಯಿತು.

"ಅಸಲಿ," ಎಂದಳು. ಬಾಗಿಲಿಗೆ ಹೋಗಿ ಕಿರುಚಿದಳು: "ಅಸಲಿ ಕಣ್ರೋ! ಬಿಡ್ರೋ ಅವ್ನನ್ನ!"

"ಭಾವ ಅಂತ ಹೇಳ್ತಿದ್ದಾಳೆ," ಎಂದ ಮೇಸ್ತ್ರಿ.

"ಭಾವ ಅಂತ ಆಗಿದ್ರೆ ನಾನೇ ಪೆಡಲ್ ತುಳೀತಿದ್ದೆ! ಚಿಪ್ ಸರಿ ಇದೆ. ಮತ್ತೆ ಪ್ರೆಸ್ ಯಾಕೆ ನಿಲ್ಲಲಿಲ್ಲ? ಬೇಗ ಬೇಗ ಒತ್ತಲಿ ಅಂತ ಆ ತಡೆ ಕೆಲಸ ಮಾಡದ ಹಾಗೆ ಅಡ್ಡ ವೈರ್ ಕಟ್ಟಿದ್ಯಾರು?"

ಪೆಡಲಿನ ಮೇಲಿದ್ದ ಕಾಲು ಕೆಳಗಿಳಿಯಿತು. ಮೇಸ್ತ್ರಿ ಕಟ್ಟಿದ ಆ ವೈರು ಎಲ್ಲರಿಗೂ ಗೊತ್ತಿತ್ತು, ದಿನಾ ನೋಡುತ್ತಿದ್ದರು. ಮುಂದಿನ ಏಟುಗಳು ಮೇಸ್ತ್ರಿಗೆ ಬಿದ್ದವು, ಅವರವರ ಪಾಲಿನ ತಪ್ಪನ್ನೂ ಸೇರಿಸಿ. ಭಾವ ಮುರಿದ ಪಕ್ಕೆ ಹಿಡಿದುಕೊಂಡು ಗೇಟು ದಾಟಿದ. ಕೃತಜ್ಞತೆಯ ಮಾತಿರಲಿ, ಅವಳತ್ತ ತಿರುಗಿಯೂ ನೋಡಲಿಲ್ಲ.

ಪೊಲೀಸರು ಬಂದು, ಅವಳ ಫೋಟೋಗಳನ್ನು ತೆಗೆದುಕೊಂಡು ಹೋಗುವಷ್ಟರಲ್ಲಿ ಸಂಜೆಯಾಯಿತು. ಅವಳು ನೆಟ್ಟಗೆ ಅಕ್ಕನ ಮನೆಗೆ ಹೋದಳು. ಬಾಗಿಲು ತೆರೆದ ಅಕ್ಕನ ತುಟಿ ಹರಿದಿತ್ತು, ಕೆನ್ನೆಯ ಮೇಲೆ ಐದು ಬೆರಳೂ ಎದ್ದಿದ್ದವು. ಎಲ್ಲರೆದುರು ಮಾನ ಕಳೆದವಳು ನಿನ್ನ ತಂಗಿ ಎಂದು ಹೊಡೆದು, ಆಸ್ಪತ್ರೆಗೆ ಹೋಗಿದ್ದನಂತೆ.

"ಅವರ ಕೈ ಉಳಿಸಿದ್ಯಂತೆ," ಎಂದಳು ಅಕ್ಕ.

"ಚಿಪ್ ಅಸಲಿ ಇತ್ತು ಅಕ್ಕ. ಇಲ್ಲದ್ದನ್ನ ಇದೆ ಅಂತ ಹೇಗೆ ಹೇಳ್ಲಿ?"

ಅಕ್ಕ ಅವಳ ಗಲ್ಲ ಹಿಡಿದು, ತನ್ನ ಕೆನ್ನೆಯನ್ನು ದೀಪದ ಬೆಳಕಿಗೆ ಓರೆ ಮಾಡಿದಳು. "ಇದನ್ನೂ ನೋಡಿ ಹೇಳು. ಅಸಲಿನಾ?"